ಆಯುಧಪೂಜೆಗೆ ಮುನ್ನ ವೆಂಡರ್‌ಗಳಿಗೆ ಬರೆಯುವ ಧನ್ಯವಾದ ಪತ್ರ: ನನ್ನ ಅನುಭವ

ಪೀಣ್ಯದಲ್ಲಿ ನಮ್ಮದು ಶೀಟ್ ಮೆಟಲ್ ಬಿಡಿಭಾಗಗಳನ್ನು ಮಾಡುವ ಸಣ್ಣ ಘಟಕ. ಪ್ಲೇಟಿಂಗ್, ಪೌಡರ್ ಕೋಟಿಂಗ್, ಹೀಟ್ ಟ್ರೀಟ್‌ಮೆಂಟ್, ಟೂಲ್ ರೂಮ್, ರಟ್ಟಿನ ಪೆಟ್ಟಿಗೆ, ಟೆಂಪೋ ಎಲ್ಲ ಸೇರಿ ಇಪ್ಪತ್ತರ ಆಸುಪಾಸಿನಲ್ಲಿ ವೆಂಡರ್‌ಗಳು ನಮಗಿದ್ದಾರೆ. ವರ್ಷವಿಡೀ ತಪ್ಪದೆ ಕೆಲಸ ಮಾಡಿಕೊಟ್ಟವರಿಗೆ ಹಬ್ಬದ ಮುಂಚೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಪತ್ರ ಬರೆಯುತ್ತೇನೆಂದು ಹೇಳಿದಾಗ ನನ್ನ ಪಾಲುದಾರರು ನಕ್ಕು, "ಹೊಗಳಿ ಬರೆದರೆ ಮಾರನೆಯ ದಿನವೇ ರೇಟು ಏರಿಸಿ ಅಂತ ಬಂದು ನಿಲ್ಲುತ್ತಾರೆ, ನೋಡ್ತಾ ಇರಿ" ಎಂದಿದ್ದರು. ಇದು ನಡೆದು ನಾಲ್ಕೈದು ವರ್ಷವಾಗಿದೆ. ಈಗ ಯಾರಿಗೆ ಏನು ಬರೆಯಬೇಕೆಂಬ ಪಟ್ಟಿಯನ್ನು ಭಾದ್ರಪದದಲ್ಲೇ ಕೇಳುವವರು ಅವರೇ.

ಪತ್ರಕ್ಕೆ ಮೊದಲು ನಾವು ಸಿಹಿಯ ಡಬ್ಬಿ ಹಂಚುತ್ತಿದ್ದೆವು. ಡಬ್ಬಿಗೆ ನಾನೂರು ನಾನೂರೈವತ್ತರಂತೆ, ಹಂಚುವ ಟೆಂಪೋ ಬಾಡಿಗೆಯೂ ಸೇರಿ ಹತ್ತು ಸಾವಿರ ರೂಪಾಯಿ ಸುಲಭವಾಗಿ ಹೋಗುತ್ತಿತ್ತು. ಉಡುಗೊರೆಯಾಗಿ ಕೊಟ್ಟ ಸರಕಿಗೆ ಜಿಎಸ್‌ಟಿಯ ಇನ್‌ಪುಟ್ ಕ್ರೆಡಿಟ್ ಕೂಡ ಸಿಗುವುದಿಲ್ಲ. ಅದೇ ದಿನ ಅವರ ಮೇಜಿನ ಮೇಲೆ ಬೇರೆ ಗ್ರಾಹಕರ ಡಬ್ಬಿಗಳೂ ಸಾಲಾಗಿ ಕೂತಿರುವಾಗ ನಮ್ಮದು ಯಾವುದೆಂದು ಯಾರಿಗೆ ನೆನಪಿರುತ್ತದೆ? ಅನಂತರ ಕಂಪನಿಯ ಲೋಗೊ ಹಾಕಿಸಿದ ಶುಭಾಶಯದ ಚಿತ್ರವನ್ನು ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಕಳಿಸಿದೆವು. ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡಿರದವರಿಗೆ ಬ್ರಾಡ್‌ಕಾಸ್ಟ್ ಸಂದೇಶ ತಲುಪುವುದೇ ಇಲ್ಲವಾದ್ದರಿಂದ ಅರ್ಧದಷ್ಟು ಮಂದಿಗೆ ಅದು ಹೋಗಿರಲಿಲ್ಲ, ಹೋದವರಿಂದ ಬಂದದ್ದು ಕೈಮುಗಿದ ಚಿಹ್ನೆ ಮಾತ್ರ. ಧ್ವನಿ ಸಂದೇಶವನ್ನೂ ಒಮ್ಮೆ ಪ್ರಯತ್ನಿಸಿದೆ. ಪ್ರೆಸ್ ಓಡುವ ಶೆಡ್ಡಿನಲ್ಲಿ ನಿಂತು ಅದನ್ನು ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ.

ಕೊನೆಗೆ ಕೈಹಿಡಿದ ಕ್ರಮ ಇದು. ಹಬ್ಬಕ್ಕೆ ಒಂದು ತಿಂಗಳಿರುವಾಗ ಸರಕು ಸ್ವೀಕೃತಿಯ ರಿಜಿಸ್ಟರ್ ಮತ್ತು ರಿಜೆಕ್ಷನ್ ಸ್ಲಿಪ್‌ಗಳ ಫೈಲನ್ನು ತೆರೆದು, ಪ್ರತಿಯೊಬ್ಬ ವೆಂಡರ್‌ನ ಲೆಕ್ಕದಲ್ಲಿ ಅವರಿಗೂ ನಮಗೂ ಮಾತ್ರ ಗೊತ್ತಿರುವ ಒಂದು ಪ್ರಸಂಗವನ್ನು ಹುಡುಕುತ್ತೇನೆ. ಬರೆದು ಮುಗಿಸಿದ ಮೇಲೆ ಹೆಸರನ್ನು ಮುಚ್ಚಿ ಓದಿ, ಅದು ಇನ್ನೊಬ್ಬ ವೆಂಡರ್‌ಗೂ ಒಪ್ಪುವಂತಿದ್ದರೆ ಹರಿದುಹಾಕುತ್ತೇನೆ. "ತಮ್ಮ ಅಮೂಲ್ಯ ಸಹಕಾರ" ಎಂಬಂಥ ಮಾತು ಯಾವ ಪತ್ರದಲ್ಲೂ ಉಳಿಯದಿರುವುದಕ್ಕೆ ಈ ಪರೀಕ್ಷೆಯೇ ಕಾರಣ.

ಜಿಂಕ್ ಪ್ಲೇಟಿಂಗ್ ಮಾಡಿಕೊಡುವವರಿಗೆ ಬರೆದದ್ದನ್ನೇ ನೋಡಿ. ನಮ್ಮ ಸ್ಪ್ರಿಂಗ್ ಕ್ಲಿಪ್‌ಗಳು ಗಟ್ಟಿ ಉಕ್ಕಿನವು. ಆಮ್ಲದಲ್ಲಿ ಅದ್ದಿ ಪ್ಲೇಟಿಂಗ್ ಮಾಡುವಾಗ ಉಕ್ಕಿನೊಳಗೆ ಹೈಡ್ರೋಜನ್ ಸೇರಿಕೊಳ್ಳುತ್ತದೆ. ಪ್ಲೇಟಿಂಗ್ ಆದ ನಾಲ್ಕು ಗಂಟೆಯೊಳಗೆ ಸುಮಾರು 200 ಡಿಗ್ರಿಯ ಓವನ್ನಿನಲ್ಲಿಟ್ಟು ಹಲವು ಗಂಟೆ ಬೇಕಿಂಗ್ ಮಾಡದಿದ್ದರೆ, ಕ್ಲಿಪ್ ನೋಡಲು ಹೊಳೆಯುತ್ತಲೇ ಇದ್ದು, ಗ್ರಾಹಕರ ಲೈನಿನಲ್ಲಿ ಜೋಡಿಸಿದ ಒಂದೆರಡು ದಿನದ ಮೇಲೆ ಪಟ್ಟನೆ ಮುರಿಯುತ್ತದೆ. ಬೇಕಿಂಗ್ ಆಗಿದೆಯೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದ ಕರೆಂಟು ಉಳಿಸಲು ಅದನ್ನು ಬಿಟ್ಟುಬಿಡುವವರು ಕಡಿಮೆಯೇನಿಲ್ಲ. ಇವರು ಬಿಟ್ಟಿರಲಿಲ್ಲ. ಮಳೆಗಾಲದಲ್ಲಿ ಒಮ್ಮೆ ಸಂಜೆ ಕರೆಂಟು ಹೋದಾಗ ಜನರೇಟರ್ ಮೇಲೆ ಓವನ್ ಓಡಿಸಿ, ಆ ಲಾಟಿನ ಓವನ್ ಚಾರ್ಟನ್ನು ಚಲನ್ ಜೊತೆಗೆ ಪಿನ್ ಮಾಡಿ ಕಳಿಸಿದ್ದರು. ಡೀಸೆಲ್ಲಿಗೆ ಬೇರೆ ಬಿಲ್ ಹಾಕಿರಲಿಲ್ಲ. ಅವರಿಗೆ ಹೀಗೆ ಬರೆದೆ:

"ಮಾನ್ಯರೇ, ಆಯುಧಪೂಜೆಯ ಶುಭಾಶಯಗಳು. ಜುಲೈ ತಿಂಗಳಲ್ಲಿ ಕರೆಂಟು ಹೋದ ಆ ಸಂಜೆ ನೀವು ನಮ್ಮ ಕ್ಲಿಪ್‌ಗಳ ಬೇಕಿಂಗನ್ನು ಜನರೇಟರ್ ಮೇಲೆ ಪೂರ್ಣಗೊಳಿಸಿ, ಚಾರ್ಟನ್ನೂ ಲಗತ್ತಿಸಿ ಕಳಿಸಿದಿರಿ. ನಾವು ಕೇಳಿರಲಿಲ್ಲ. ಈ ವರ್ಷ ನಿಮ್ಮಲ್ಲಿಂದ ಬಂದ ಯಾವ ಲಾಟಿನಲ್ಲೂ ಕ್ಲಿಪ್ ಮುರಿದ ದೂರು ನಮಗೆ ಬಂದಿಲ್ಲ. ಓವನ್ ನೋಡಿಕೊಳ್ಳುವ ನಿಮ್ಮ ರಾತ್ರಿ ಪಾಳಿಯವರಿಗೂ ನಮ್ಮ ಧನ್ಯವಾದವನ್ನು ದಯವಿಟ್ಟು ತಿಳಿಸಿ."

ಇಷ್ಟೇ. ಇದರಲ್ಲಿ ಬರೆಯದೆ ಬಿಟ್ಟದ್ದೂ ಲೆಕ್ಕ ಹಾಕಿಯೇ ಬಿಟ್ಟದ್ದು. "ಮುಂದಿನ ವರ್ಷವೂ ಇದೇ ಪ್ರಮಾಣದ ಕೆಲಸ ಕೊಡುತ್ತೇವೆ" ಎಂದು ಬರೆದರೆ ಅದು ಮಾತು ಕೊಟ್ಟಂತಾಗುತ್ತದೆ, ಆರ್ಡರ್ ಇಳಿದ ದಿನ ಅದೇ ಕಾಗದ ಮುಂದೆ ಬರುತ್ತದೆ. "ಗುಣಮಟ್ಟ ಅತ್ಯುತ್ತಮ" ಎಂದು ಸಾರಾಸಗಟಾಗಿ ಬರೆದರೆ ಮುಂದೆ ಒಂದು ಲಾಟನ್ನು ತಿರಸ್ಕರಿಸುವಾಗ ನಮ್ಮ ನಾಲಿಗೆಯೇ ಕಟ್ಟಿಹೋಗುತ್ತದೆ. ಆದ್ದರಿಂದಲೇ "ಈ ವರ್ಷ" ಎಂದೂ "ದೂರು ನಮಗೆ ಬಂದಿಲ್ಲ" ಎಂದೂ ಅಳೆದು ಬರೆದದ್ದು. ರೇಟಿನ ಮಾತಂತೂ ಬೇಡವೇ ಬೇಡ. ಓವನ್ ನೋಡಿಕೊಳ್ಳುವವರಿಗೆ ನೇರವಾಗಿ ಬರೆಯುವ ಆಸೆ ನನಗೂ ಇತ್ತು, ಆದರೆ ಒಳ್ಳೆಯ ಕೆಲಸಗಾರರನ್ನು ಎಳೆದುಕೊಳ್ಳಲು ನೋಡುತ್ತಿದ್ದೇವೆಂಬ ಅನುಮಾನ ಪೀಣ್ಯದಲ್ಲಿ ಬೇಗ ಹುಟ್ಟುತ್ತದೆ, ಹಾಗಾಗಿ ಮಾಲೀಕರ ಮೂಲಕವೇ ಹೇಳಿಸಬೇಕು.

ಪತ್ರಕ್ಕಿಂತ ಮೊದಲು ಹೋಗಬೇಕಾದದ್ದು ದುಡ್ಡು. ಮೊದಲ ವರ್ಷ ಪೌಡರ್ ಕೋಟಿಂಗಿನವರಿಂದ ಬಂದ ಉತ್ತರ ಹೀಗಿತ್ತು: "ಪತ್ರ ಚೆನ್ನಾಗಿದೆ ಸಾರ್, ಜೂನ್ ತಿಂಗಳ ಬಿಲ್ಲು ಯಾವಾಗ?" ಎಂಎಸ್ಎಂಇ ಕಾನೂನಿನ ಪ್ರಕಾರ ಬರಹದ ಒಪ್ಪಂದವಿದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. 2023-24ರ ಲೆಕ್ಕದಿಂದೀಚೆಗೆ ನೋಂದಾಯಿತ ಸಣ್ಣ ಘಟಕಗಳಿಗೆ ಈ ಗಡುವು ಮೀರಿ ಉಳಿಸಿಕೊಂಡ ಬಾಕಿಯು, ಅದನ್ನು ಪಾವತಿಸುವ ವರ್ಷದವರೆಗೂ, ಆದಾಯ ತೆರಿಗೆಯಲ್ಲಿ ಖರ್ಚೆಂದು ಲೆಕ್ಕಕ್ಕೆ ಬರುವುದಿಲ್ಲ. ಹೀಗಿದ್ದರೂ ಹಬ್ಬದ ಹೊತ್ತಿಗೆ ಎಲ್ಲರ ಬಾಕಿ ತೀರಿಸಲು ಓವರ್‌ಡ್ರಾಫ್ಟ್ ಎಳೆಯಬೇಕಾಗುತ್ತದೆ, ಬಡ್ಡಿಗೆ ಆರೇಳು ಸಾವಿರ ಹೋಗುತ್ತದೆ. ಸಿಹಿಯ ಡಬ್ಬಿಯ ಹಣ ಈಗ ಹೋಗುವುದು ಅಲ್ಲಿಗೆ. ಹಣ ಅವರ ಖಾತೆಗೆ ಬಿದ್ದ ಮೇಲೆ, ನವಮಿಗೆ ಕೆಲವು ದಿನ ಮುಂಚೆ, ಲೆಟರ್‌ಹೆಡ್ಡಿನಲ್ಲಿ ಸಹಿ ಮಾಡಿದ ಪತ್ರ ಚಲನ್ ಜೊತೆಯಲ್ಲಿ ಹೋಗುತ್ತದೆ.

ಆಯುಧಪೂಜೆಯನ್ನೇ ಆರಿಸಿದ್ದೇಕೆಂದರೆ, ಕೊಡುವುದು ಕೆಲಸಕ್ಕೆ ಧನ್ಯವಾದ, ಮತ್ತು ಯಂತ್ರಗಳನ್ನು ತೊಳೆದು ಕುಂಕುಮವಿಟ್ಟು ಕುಂಬಳಕಾಯಿ ಒಡೆಯುವ ಹಬ್ಬ ಅದು. ಹೀಟ್ ಟ್ರೀಟ್‌ಮೆಂಟಿನ ಮಾಲೀಕರು ಮುಸ್ಲಿಮರು. ಅವರ ಶೆಡ್ಡಿನಲ್ಲಿಯೂ ಕೆಲಸಗಾರರು ಫರ್ನೇಸಿಗೆ ಪೂಜೆ ಮಾಡುತ್ತಾರೆ, ಆದರೆ ಅವರಿಗೆ ನಾನು ಬರೆಯುವುದು ರಂಜಾನ್ ಹಬ್ಬಕ್ಕೆ. ತಮಿಳಿನವರಾದ ಟೂಲ್ ರೂಮಿನವರಿಗೆ ಒಂದು ವರ್ಷ ತಮಿಳಿನಲ್ಲಿ ಬರೆಸಿ ನೋಡಿದೆ. "ಕನ್ನಡದಲ್ಲೇ ಬರೀರಿ ಸಾರ್, ಇದನ್ನ ಓದಿ ಹೇಳೋಕೆ ಮಗನನ್ನ ಕರೀಬೇಕಾಯ್ತು" ಎಂದರು.

ಫಲ ಕಂಡದ್ದು ದೀಪಾವಳಿಯ ನಂತರ. ಬಿಹಾರದ ಹುಡುಗರು ಛಠ್ ಪೂಜೆಗೆಂದು ಊರಿಗೆ ಹೋಗುವ ಆ ದಿನಗಳಲ್ಲಿ ಪ್ಲೇಟಿಂಗ್ ಘಟಕಗಳು ಅರ್ಧ ಕೈಗಳಲ್ಲಿ ಓಡುತ್ತವೆ, ಯಾರ ಸರಕು ಮೊದಲು ಟ್ಯಾಂಕಿಗೆ ಇಳಿಯಬೇಕೆಂಬುದು ಮಾಲೀಕರ ಮರ್ಜಿ. ಮೊದಲೆಲ್ಲ ಅರ್ಜೆಂಟ್ ಚಾರ್ಜು, ವಿಶೇಷ ಟೆಂಪೋ ಎಂದು ಆ ಹೊತ್ತಿನಲ್ಲಿ ಮೂವತ್ತು ನಲವತ್ತು ಸಾವಿರ ಸುರಿಯುತ್ತಿದ್ದ ನಮಗೆ ಕಳೆದ ವರ್ಷ ಹತ್ತು ಸಾವಿರವೂ ತಗಲಲಿಲ್ಲ. ರೇಟು ಏರಲಿಲ್ಲವೆಂದಲ್ಲ, ಸತುವಿನ ಬೆಲೆ ಏರಿದಾಗ ಏರಿತು. ಆದರೆ ಬಿಲ್ಲಿನಲ್ಲಿ ಕಂಡು ಬೆಚ್ಚುವ ಬದಲು ಒಂದು ತಿಂಗಳ ಮೊದಲೇ ಫೋನು ಬಂತು.

ಎಲ್ಲರಿಗೂ ಬರೆಯುವುದಿಲ್ಲ. ಹೇಳಿದ ದಿನಕ್ಕೆ ಸರಕು ಕೊಡದ ಇಬ್ಬರಿಗೆ ಬರಿಯ ಶುಭಾಶಯದ ಚೀಟಿ ಹೋಗುತ್ತದೆ. ಅವರಲ್ಲಿ ಪೆಟ್ಟಿಗೆಯವರು, ಪಕ್ಕದ ಶೆಡ್ಡಿನವರ ಪತ್ರ ನೋಡಿ, "ನಮಗೇಕೆ ಇಲ್ಲ?" ಎಂದು ಕೇಳಿಯೇ ಬಿಟ್ಟರು. ರಿಜಿಸ್ಟರ್ ತೆರೆದು ತಡವಾದ ತಾರೀಕುಗಳನ್ನು ತೋರಿಸಿದೆ. ಈ ವರ್ಷ ಅವರ ಪೆಟ್ಟಿಗೆಗಳು ಹೆಚ್ಚುಕಡಿಮೆ ಹೊತ್ತಿಗೆ ಬರುತ್ತಿವೆ, ಆದರೆ ಹೆಸರು ಮುಚ್ಚಿ ಓದಿದರೂ ಅವರದೇ ಎನ್ನಿಸುವ ಪ್ರಸಂಗವೊಂದು ಫೈಲಿನಲ್ಲಿ ಇನ್ನೂ ಸಿಕ್ಕಿಲ್ಲ.