ಕಾಮಾಲೆ, 74 ಶೇಕಡಾ ಹಾಜರಿ ಮತ್ತು ಎರಡನೆಯ ಅರ್ಜಿ: ನನ್ನ ಅನುಭವ

ಐದನೆಯ ಸೆಮಿಸ್ಟರಿನಲ್ಲಿ ನನಗೆ ಕಾಮಾಲೆಯಾಗಿ ಸುಮಾರು 22 ದಿನ ಕಾಪುವಿನ ಮನೆಯಲ್ಲೇ ಮಲಗಿದ್ದೆ. ಮಂಗಳೂರಿನ ಕಾಲೇಜಿಗೆ ಮರಳಿದಾಗ ಒಂದು ವಿಷಯದಲ್ಲಿ ಹಾಜರಿ 74 ಶೇಕಡಾಕ್ಕೆ ಇಳಿದಿತ್ತು. ನಮ್ಮ ಬ್ಯಾಚಿಗಿದ್ದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ನಿಯಮದಲ್ಲಿ ಪ್ರತಿ ವಿಷಯಕ್ಕೂ 85 ಬೇಕು, ಸಕಾರಣವಿದ್ದರೆ 10ರವರೆಗೆ ಮನ್ನಾ ಸಿಗುತ್ತದೆ. ಎಂದರೆ 75ರ ಕೆಳಗಿದ್ದವರಿಗೆ ಮನ್ನಾ ಸಿಗುವುದೇ ಇಲ್ಲ. "ಮೆಡಿಕಲ್ ಕೊಟ್ಟರೂ ಆಗುವುದಿಲ್ಲ ಮಾರಾಯ, ವರ್ಷ ಹೋಯಿತು" ಎಂದು ಸೀನಿಯರ್‌ಗಳು ಹೇಳಿದ್ದರು.

ಮೊದಲ ಅರ್ಜಿ ತಿರಸ್ಕೃತವಾದದ್ದು ನನ್ನ ತಪ್ಪಿನಿಂದಲೇ. ಆರಂಭದ ಐದು ದಿನ ಊರಿನ ನಾಟಿ ವೈದ್ಯರ ಮದ್ದನ್ನು ಮಜ್ಜಿಗೆಯಲ್ಲಿ ಕುಡಿದು ಪಥ್ಯದಲ್ಲಿದ್ದೆ. ಅದಕ್ಕೆ ಚೀಟಿಯಿಲ್ಲ, ಬಿಲ್ಲಿಲ್ಲ. ಆಮೇಲೆ ನೋಡಿದ ಡಾಕ್ಟರರಿಂದ 22 ದಿನಕ್ಕೂ ಸೇರಿಸಿ ಒಂದೇ ಸರ್ಟಿಫಿಕೇಟ್ ಬರೆಸಿಕೊಂಡಿದ್ದೆ. ಆದರೆ ಜೊತೆಗಿಟ್ಟ ಔಷಧಿ ಚೀಟಿಯಲ್ಲಿ ಮೊದಲ ಭೇಟಿಯ ದಿನಾಂಕ ಆರನೆಯ ದಿನದ್ದಾಗಿತ್ತು. ಕಚೇರಿಯ ಮೇಡಂ ಎರಡೂ ದಿನಾಂಕಗಳ ಮೇಲೆ ಪೆನ್ಸಿಲಿನಿಂದ ವೃತ್ತ ಹಾಕಿ ಹಿಂದಿರುಗಿಸಿದರು.

ಪುಣ್ಯಕ್ಕೆ, ಮದ್ದಿಗೆ ಹೋಗುವ ಮೊದಲೇ ಅಮ್ಮ ರಕ್ತ ಪರೀಕ್ಷೆ ಮಾಡಿಸಿದ್ದರು. ಬಿಲಿರುಬಿನ್ ಹನ್ನೊಂದರ ಆಸುಪಾಸಿನಲ್ಲಿದ್ದ ಆ ವರದಿಯಲ್ಲಿ ಮೊದಲ ದಿನದ ದಿನಾಂಕವಿತ್ತು. ಅದನ್ನು ತೋರಿಸಿದ ಮೇಲೆ ಡಾಕ್ಟರರು ತಾವು ಮೊದಲು ಪರೀಕ್ಷಿಸಿದ ದಿನ, ಲ್ಯಾಬ್ ವರದಿಯ ದಿನ, ವಿಶ್ರಾಂತಿ ಹೇಳಿದ ಅವಧಿ ಇವನ್ನು ಬೇರೆ ಬೇರೆಯಾಗಿ ನಮೂದಿಸಿ, ತಮ್ಮ ಕರ್ನಾಟಕ ಮೆಡಿಕಲ್ ಕೌನ್ಸಿಲ್ ನೋಂದಣಿ ಸಂಖ್ಯೆಯೊಡನೆ ಹೊಸದಾಗಿ ಬರೆದುಕೊಟ್ಟರು. ಫಿಟ್‌ನೆಸ್ ಸರ್ಟಿಫಿಕೇಟ್, ವರದಿಯ ನಕಲು, ಬಸ್ ಚಾರ್ಜು ಎಲ್ಲ ಸೇರಿ ಆರೇಳುನೂರು ರೂಪಾಯಿ ಖರ್ಚಾಗಿರಬೇಕು.

ಆದರೂ 74 ಹಾಗೆಯೇ ಉಳಿದಿತ್ತು. ಸರ್ಟಿಫಿಕೇಟಿನಿಂದ ಹಾಜರಿ ಹೆಚ್ಚುವುದಿಲ್ಲ, ಮನ್ನಾ ಕೇಳುವ ಅರ್ಹತೆ ಮಾತ್ರ ಬರುತ್ತದೆ ಎಂಬುದನ್ನು ಹಲವರು ಗಮನಿಸುವುದಿಲ್ಲ. ಆ ವಿಷಯದಲ್ಲಿ ನಡೆದದ್ದು 50 ತರಗತಿ, ನಾನು ತಪ್ಪಿಸಿಕೊಂಡದ್ದು 13. ರಿಜಿಸ್ಟರಿನ ದಿನಾಂಕಗಳನ್ನು ಒಂದೊಂದಾಗಿ ಬರೆದುಕೊಂಡಾಗ 12 ಕಾಯಿಲೆಯ ಅವಧಿಯವೇ ಆಗಿದ್ದವು. ಉಳಿದ ಒಂದು, ಕಾಲೇಜು ತಂಡದಲ್ಲಿ ವಾಲಿಬಾಲ್ ಆಡಲು ಹೋಗಿದ್ದ ದಿನದ್ದು. ಕಾಲೇಜಿನ ಕೆಲಸಕ್ಕೇ ಹೋಗಿದ್ದೆ ಎಂದು ತೋರಿಸುವ ಅದರ ಓಡಿ ಪತ್ರ ಇಲಾಖೆಗೆ ತಲುಪಿರಲೇ ಇಲ್ಲ. ದೈಹಿಕ ಶಿಕ್ಷಣ ನಿರ್ದೇಶಕರ ಸಹಿ ತಂದು ಆ ಒಂದು ತರಗತಿಯನ್ನು ಸರಿಪಡಿಸಿಕೊಂಡಾಗ 50ಕ್ಕೆ 38 ಆಗಿ, ಹಾಜರಿ 76ಕ್ಕೆ ಬಂತು. ಮನ್ನಾ ಅರ್ಜಿಯನ್ನು ಎರಡನೆಯ ಸಲ ಕೊಟ್ಟದ್ದು ಇದಾದ ಮೇಲೆ.

ಎರಡನೆಯ ಅರ್ಜಿಯಲ್ಲಿ ಗೋಳು ಬರೆಯಲಿಲ್ಲ. ತಪ್ಪಿದ ತರಗತಿಯ ದಿನಾಂಕ, ಅದರೆದುರು ಆ ದಿನಕ್ಕೆ ಆಧಾರವಾದ ದಾಖಲೆ ಎಂದು ಒಂದೇ ಪುಟದ ಪಟ್ಟಿ ಮಾಡಿ, ಅಪ್ಪನ ಸಹಿ ಹಾಕಿಸಿ, ನಕಲಿನ ಮೇಲೆ ಸ್ವೀಕೃತಿ ಮೊಹರು ಪಡೆದೆ. ಇಂಥ ಪಟ್ಟಿಯನ್ನು ಆ ಕಚೇರಿಗೆ ಮೊದಲು ಕೊಟ್ಟವನು ನಾನೇ ಎಂದು ಮೇಡಂ ಹೇಳಿದ್ದನ್ನು ಇಂದಿಗೂ ಹೆಮ್ಮೆಯಿಂದ ನೆನೆಯುತ್ತೇನೆ. ಎಚ್‌ಒಡಿಯವರನ್ನು ಯಾವ ಹೊತ್ತಿನಲ್ಲಿ, ಯಾರ ಜೊತೆಗೆ ಹೋಗಿ ಕಂಡೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಹತ್ತು ದಿನಗಳ ನಂತರ ನೋಟಿಸ್ ಬೋರ್ಡಿನಲ್ಲಿ ಪರೀಕ್ಷೆಗೆ ಅರ್ಹರಲ್ಲದವರ ಎನ್‌ಇ ಪಟ್ಟಿ ಬಂದಾಗ ಅದರಲ್ಲಿ ನನ್ನ ವಿದ್ಯಾರ್ಥಿ ಸಂಖ್ಯೆಯಾದ ಯುಎಸ್‌ಎನ್ ಇರಲಿಲ್ಲ.