ಬಾಡಿಗೆ ಕರಾರು: ಸ್ಟ್ಯಾಂಪಿನ ದುಡ್ಡು ಯಾರದ್ದು, ಸಹಿ ಯಾವತ್ತು?

ಉಡುಪಿಯ ಕುಂಜಿಬೆಟ್ಟಿನಲ್ಲಿ ಒಂದು ಮನೆ ಇದೆ ಅಂದುಕೊಳ್ಳಿ. ಬಾಡಿಗೆ ತಿಂಗಳಿಗೆ 12,000 ರೂಪಾಯಿ, ಅಡ್ವಾನ್ಸ್ 50,000. ಮಾಲೀಕರು ದುಬೈಯಲ್ಲಿದ್ದಾರೆ, ಕೀಲಿಕೈ ಅವರ ತಾಯಿಯ ಹತ್ತಿರ. ಮಣಿಪಾಲದಲ್ಲಿ ಕೆಲಸ ಸಿಕ್ಕಿದ ಹುಡುಗನೊಬ್ಬ ಜೂನ್ 1ರಿಂದ ಅಲ್ಲಿರಬೇಕು. ‘ಈಗ ಅಡ್ವಾನ್ಸ್ ಹಾಕಿ, ಅಗ್ರಿಮೆಂಟ್ ಮತ್ತೆ ಮಾಡುವ’ ಎಂದು ಮಾಲೀಕರು ಫೋನಿನಲ್ಲಿ ಹೇಳುತ್ತಾರೆ. ಅವರ ಮನಸ್ಸಿನಲ್ಲಿ ಮೋಸ ಇಲ್ಲದಿರಬಹುದು. ಆದರೂ ಅಲ್ಲೇ ನಿಲ್ಲಿ. ಆ ‘ಮತ್ತೆ’ ಯಾವತ್ತು ಅಂತ ಕೇಳಬೇಕು.

ಮೊದಲು ಅವಧಿ ಮಾತಾಡಿ. ಖರ್ಚು ನಿಂತಿರುವುದು ಅದರ ಮೇಲೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಲೇಬೇಕು. ಎಲ್ಲರೂ 11 ತಿಂಗಳಿಗೆ ಬರೆಸುವುದು ಇದಕ್ಕೇ. ನಮ್ಮ ಹುಡುಗನಿಗೂ 11 ತಿಂಗಳು ಸಾಕು. ಹಾಗಾಗಿ ಉಳಿಯುವುದು ಸ್ಟ್ಯಾಂಪ್ ಮತ್ತು ಟೈಪಿಂಗ್ ಖರ್ಚು ಮಾತ್ರ.

ಆ ದುಡ್ಡು ಯಾರು ಕೊಡಬೇಕು? ಮಾತಾಗದೇ ಇದ್ದರೆ ಬಾಡಿಗೆದಾರನೇ ಕೊಡಬೇಕು ಎನ್ನುತ್ತದೆ ಕರ್ನಾಟಕದ ಸ್ಟ್ಯಾಂಪ್ ಕಾಯ್ದೆ. ಮಾಲೀಕರ ಕೈಯಲ್ಲಿ ಉಳಿಯುವ ಎರಡನೇ ಪ್ರತಿಯ ಸ್ಟ್ಯಾಂಪ್ ಮಾತ್ರ ಅವರ ಲೆಕ್ಕ. ಆದರೆ ಇಬ್ಬರೂ ಒಪ್ಪಿ ಬೇರೆ ಥರ ಹಂಚಿಕೊಳ್ಳಬಹುದು. 11 ತಿಂಗಳ ಕರಾರಿಗೆ ಅರ್ಧ ಅರ್ಧವೇ ಸರಿ ಅಂತ ನನಗನಿಸುತ್ತದೆ, ಕಾಗದ ಇಬ್ಬರನ್ನೂ ಕಾಯುತ್ತದಲ್ವಾ? ಮಾಲೀಕರೇ ಮೂರು ವರ್ಷದ ಕರಾರು ಬೇಕು ಎಂದರೆ ಮಾತು ಬೇರೆ. ಆಗ ಸ್ಟ್ಯಾಂಪೂ ಜಾಸ್ತಿ, ರಿಜಿಸ್ಟ್ರೇಷನ್ ಶುಲ್ಕವೂ ಸೇರುತ್ತದೆ, ಸಬ್ ರಿಜಿಸ್ಟ್ರಾರ್ ಕಚೇರಿಗೆ ಓಡಾಟವೂ ಇದೆ. ಅದನ್ನು ಕೇಳಿದವರೇ ಹೆಚ್ಚಿನ ಪಾಲು ಕೊಡಲಿ.

ಸ್ಟ್ಯಾಂಪ್ ಎಷ್ಟರದ್ದು ಎನ್ನುವುದು ಬಾಡಿಗೆ, ಅಡ್ವಾನ್ಸ್ ಮತ್ತು ಅವಧಿಯ ಮೇಲೆ ಹೋಗುತ್ತದೆ. ‘100 ರೂಪಾಯಿಯದ್ದು ಸಾಕು ಮಾರಾಯ್ರೆ’ ಎಂಬ ಮಾತಿಗೆ ಒಪ್ಪಬೇಡಿ. ದಸ್ತಾವೇಜು ಬರೆಯುವವರಿಗೆ ಈ ಮೂರನ್ನೂ ಹೇಳಿ ಲೆಕ್ಕ ಹಾಕಿಸಿ. ಸ್ಟ್ಯಾಂಪ್ ಕಡಿಮೆಯಾದ ಕಾಗದವನ್ನು ನ್ಯಾಯಾಲಯ ಸಾಕ್ಷಿಯಾಗಿ ತೆಗೆದುಕೊಳ್ಳುವುದಿಲ್ಲ. ಬಾಕಿಯನ್ನೂ ದಂಡವನ್ನೂ ಕಟ್ಟಿದ ಮೇಲೆಯೇ ಅದು ನಡೆಯುತ್ತದೆ. ದಂಡ ಬಾಕಿಯ ಹತ್ತು ಪಟ್ಟಿನವರೆಗೂ ಹೋಗಬಹುದು. ಅಡ್ವಾನ್ಸ್ ವಾಪಸ್ ಬಾರದೆ ಜಗಳವಾದ ದಿನ ಕಷ್ಟ ಗೊತ್ತಾಗುತ್ತದೆ.

ಇನ್ನು ತಾರೀಕು. ನಾನು ನೋಡಿದ ಹಾಗೆ ಜನ ಹೆಚ್ಚು ಎಡವುವುದು ಇಲ್ಲೇ. ಸ್ಟ್ಯಾಂಪ್ ಸಹಿಗೆ ಮೊದಲೇ ಇರಬೇಕು, ಇಲ್ಲವೇ ಸಹಿಯ ಹೊತ್ತಿಗಾದರೂ ಬರಬೇಕು. ಇ-ಸ್ಟ್ಯಾಂಪಿನ ಮೇಲೆ ಅದನ್ನು ಕೊಟ್ಟ ದಿನ, ಗಂಟೆ ಅಚ್ಚಾಗಿರುತ್ತದೆ. ಸ್ಟ್ಯಾಂಪ್ ಜೂನ್ 10ರದ್ದು, ಸಹಿಯ ಕೆಳಗೆ ಜೂನ್ 1 ಎಂದಿದ್ದರೆ ತಾರೀಕು ಹಿಂದಕ್ಕೆ ಹಾಕಿದ್ದು ಯಾರಿಗಾದರೂ ಕಾಣುತ್ತದೆ. ಅದೇ ಹಾಳೆಯಲ್ಲಿ ಎರಡೂ ಕಡೆಯವರ ಹೆಸರು, ದುಡ್ಡು ಕಟ್ಟಿದವರ ಹೆಸರೂ ಇರುತ್ತದೆ. ಕೌಂಟರ್ ಬಿಡುವ ಮೊದಲೇ ಅಕ್ಷರ ಅಕ್ಷರ ಓದಿ.

ಹುಡುಗ ಮಾಲೀಕರಿಗೆ ಹೀಗೆ ವಾಟ್ಸಾಪ್ ಕಳಿಸಬಹುದು:

‘ಸರ್, ಇವತ್ತು 5,000 ಟೋಕನ್ ಹಾಕುತ್ತಿದ್ದೇನೆ. ಇದು ಅಡ್ವಾನ್ಸಿಗೆ ಸೇರುತ್ತದೆ. ಮೇ 27ಕ್ಕೆ ಸ್ಟ್ಯಾಂಪ್ ತೆಗೆಯುತ್ತೇನೆ, ಖರ್ಚು ಅರ್ಧ ಅರ್ಧ. ಮೇ 28ಕ್ಕೆ ಸಹಿ. ಸಹಿ ಆದ ಕೂಡಲೇ ಉಳಿದ 45,000 ಹಾಕುತ್ತೇನೆ, ಅಮ್ಮ ಕೀಲಿಕೈ ಕೊಡಲಿ. ಸರಿ ಎಂದಾದರೆ ಉತ್ತರ ಕಳಿಸಿ.’

‘ಸರಿ’ ಎಂದು ಉತ್ತರ ಬಂದ ಮೇಲೆ ಟೋಕನ್ ಹಾಕಲಿ.

ಸಹಿ ಯಾರದ್ದು? ನಮ್ಮ ಕರಾವಳಿಯಲ್ಲಿ ಗಲ್ಫಿನಲ್ಲೋ ಮುಂಬೈಯಲ್ಲೋ ಇರುವ ಮಾಲೀಕರು ತುಂಬಾ. ತಾಯಿ ಸಹಿ ಹಾಕುವುದಾದರೆ ಅವರ ಹೆಸರಿಗೆ ಪವರ್ ಆಫ್ ಅಟಾರ್ನಿ ಇರಬೇಕು. ಅದರಲ್ಲಿ ಮನೆ ಬಾಡಿಗೆಗೆ ಕೊಡುವ ಅಧಿಕಾರ ಬರೆದಿದೆಯೇ ನೋಡಿ. ಬ್ಯಾಂಕ್ ಕೆಲಸಕ್ಕೆಂದು ಮಾಡಿಸಿದ್ದು ಇಲ್ಲಿ ನಡೆಯುವುದಿಲ್ಲ. ಸುಮ್ನೆ ಕೇಳಿದರೆ ಬೇಸರವಾದೀತು ಅಂತ ಹಿಂಜರಿಯಬೇಡಿ. ‘ಅಮ್ಮಾ, ಕರಾರಿಗೆ ಅದರ ಒಂದು ಪ್ರತಿ ಲಗತ್ತಿಸಬೇಕು’ ಎಂದರೆ ಸಾಕು. ಪವರ್ ಇಲ್ಲವೆಂದಾದರೆ ಮಾಲೀಕರು ರಜೆಗೆ ಬರುವ ದಿನ ಕೇಳಿ, ಸಹಿಯನ್ನೂ ದೊಡ್ಡ ಮೊತ್ತವನ್ನೂ ಆ ದಿನಕ್ಕೇ ಇಡಿ.

ಜೂನ್ 1ಕ್ಕೆ ಶುರುವಾದ 11 ತಿಂಗಳು ಏಪ್ರಿಲ್ 30ಕ್ಕೆ ಮುಗಿಯುತ್ತದೆ. ಮುಂದುವರಿಸಿದರೆ ಹೊಸ ಕಾಗದ, ಹೊಸ ಸ್ಟ್ಯಾಂಪ್. ಅದರ ಖರ್ಚು ಯಾರದ್ದು ಎನ್ನುವ ಒಂದು ಸಾಲನ್ನೂ ಈ ಕರಾರಿನಲ್ಲೇ ಬರೆಸಿಬಿಡಿ.