ಇ350 ಉಕ್ಕು, ಅಗಲ ಫ್ಲಾಂಜ್ ಮತ್ತು ನನ್ನ 60 ಸಾವಿರ

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಫೌಂಡ್ರಿಗೆ ಮೆಜನೈನ್, ಅಂದ್ರೆ ಉಕ್ಕಿನ ನಡು ಅಟ್ಟ, ಮಾಡಿಕೊಟ್ಟೆ. ಮೇಲೆ ಡೈ, ಪ್ಯಾಟರ್ನ್ ಎಲ್ಲ ಪೇರಿಸಿಡುತ್ತಾರೆ, ಲೋಡು ಭಾರೀ. ಕೆಳಗೆ ಫೋರ್ಕ್‌ಲಿಫ್ಟ್ ಓಡಾಡಬೇಕು. ಹಾಗಾಗಿ ಬೀಮಿನ ಎತ್ತರ 300 ಮಿ.ಮೀ. ದಾಟುವಂತಿರಲಿಲ್ಲ. ಸ್ಪ್ಯಾನ್ 4 ಮೀಟರ್, ಫ್ಯಾಕ್ಟರ್ ಹಾಕಿದ ಮೊಮೆಂಟ್ ಸುಮಾರು 225 ಕಿಲೋನ್ಯೂಟನ್ ಮೀಟರ್.

ಮೊದಲು ಐಎಸ್‌ಡಬ್ಲ್ಯೂಬಿ 300 ಹಿಡಿದೆ, ಫ್ಲಾಂಜ್ ಅಂದ್ರೆ ಮೇಲೆ ಕೆಳಗಿನ ಪಟ್ಟಿ ಅಗಲ ಇರುವ ಐ ಬೀಮು. 250 ಮೆಗಾಪಾಸ್ಕಲ್‌ಗೆ ಯೀಲ್ಡ್ ಆಗುವ ಇ250 ಉಕ್ಕಿನಲ್ಲಿ ಅದು 166 ಮಾತ್ರ ಕೊಡುತ್ತದೆ. ಇ350ಕ್ಕೆ ಹೋದರೆ 233, ಆರಾಮ ಅಂದುಕೊಂಡೆ. ಲೆಕ್ಕ ಸರಳ: ಪ್ಲಾಸ್ಟಿಕ್ ಮಾಡ್ಯುಲಸ್ 731 ಘನ ಸೆಂ.ಮೀ., ಅದಕ್ಕೆ 350 ಗುಣಿಸಿ 1.1ರಿಂದಲೂ ಸಾವಿರದಿಂದಲೂ ಭಾಗಿಸಿದೆ. ಆರ್ಡರ್ ಕೊಟ್ಟು ಅಡ್ವಾನ್ಸ್ ಕಟ್ಟಿಯೂ ಆಯ್ತು. ಡ್ರಾಯಿಂಗ್ ಚೆಕ್ ಮಾಡುವವರು ಒಂದೇ ಸಾಲು ಬರೆದು ವಾಪಸ್ ಕಳಿಸಿದರು: 'ಫ್ಲಾಂಜ್ ಕ್ಲಾಸ್ ನೋಡಿ.'

ನೋಡಿದೆ. ಫ್ಲಾಂಜ್ 200 ಅಗಲ, ಅರ್ಧ ಅಂದ್ರೆ 100. ದಪ್ಪ 10. ಅಲ್ಲಿಗೆ b/tf = 10. ಉಕ್ಕಿನ ಕಟ್ಟಡದ ಕೋಡ್ ಐಎಸ್ 800ರಲ್ಲಿ ಕಾಂಪ್ಯಾಕ್ಟ್ ಮಿತಿ 10.5ε. ಇ250ಗೆ ε = 1, ಪಾಸ್. ಇ350ಗೆ ε = √(250/350) = 0.845, ಮಿತಿ 8.9ಕ್ಕೆ ಇಳಿಯುತ್ತದೆ. ಅದೇ ಫ್ಲಾಂಜ್ ಸೆಮಿ ಕಾಂಪ್ಯಾಕ್ಟ್ ಆಯ್ತು. ಅಂದ್ರೆ ಅಂಚು ಯೀಲ್ಡ್ ಮುಟ್ಟುತ್ತದೆ, ಆದರೆ ಇಡೀ ಸೆಕ್ಷನ್ ಪ್ಲಾಸ್ಟಿಕ್ ಆಗುವ ಮೊದಲೇ ಫ್ಲಾಂಜ್ ಸೊಟ್ಟಗಾಗಬಹುದು. ಹಾಗಾಗಿ ಎಲಾಸ್ಟಿಕ್ ಮಾಡ್ಯುಲಸ್ 655 ಮಾತ್ರ ಬಳಸಬೇಕು. 233 ಇದ್ದದ್ದು 208 ಆಯ್ತು, ನನ್ನ 225 ಫೇಲ್. ಅಡ್ವಾನ್ಸ್‌ನಲ್ಲಿ ಸುಮಾರು 60 ಸಾವಿರ ಹೋಯ್ತು. ಅದು ನನ್ನ ಜೇಬಿನದೇ.

ಬೀಮುಗಳನ್ನು ಹತ್ತಿರ ಮಾಡಿದೆ. 32 ಇದ್ದದ್ದು 38 ಆದವು, ಮೊಮೆಂಟ್ 190ಕ್ಕೆ ಇಳಿಯಿತು. ಆಗ ತಲೆಗೆ ಹೊಳೆದದ್ದು ಇದು: ಅಗಲದ ಲಾಭ ಕೈಬಿಟ್ಟ ಮೇಲೆ ಅಗಲ ಸೆಕ್ಷನ್ ಯಾಕೆ ಬೇಕು? ಫ್ಲಾಂಜ್ ಕಿರಿದಾದ ಐಎಸ್‌ಎಂಬಿ 300ರ ಅರ್ಧ ಫ್ಲಾಂಜ್ 70, ದಪ್ಪ 12.4, ಅನುಪಾತ 5.6. ಇ350ರ ಪ್ಲಾಸ್ಟಿಕ್ ಮಿತಿ 7.9, ಅದರ ಒಳಗೇ ಇದೆ. ಪ್ಲಾಸ್ಟಿಕ್ ಮಾಡ್ಯುಲಸ್ 652 ಪೂರ್ತಿ ಸಿಗುತ್ತದೆ, 207 ಬರುತ್ತದೆ. ಹಳೆ ಟೇಬಲ್ ಪ್ರಕಾರ ಮೀಟರಿಗೆ 44 ಕಿಲೋ, ಅಗಲದ್ದು 48. ನಾಲ್ಕು ಕಿಲೋ ಕಡಿಮೆ, ತಾಕತ್ತು ಅಷ್ಟೇ.

ಕಂಟ್ರಾಕ್ಟರ್ ನಂಬಲಿಲ್ಲ. "ಏನ್ರೀ ಸಾಹೇಬ್ರ, ಸಣ್ಣ ತುಂಡು ದೊಡ್ಡದರ ಸಮ ಆಗೂದು ಹೆಂಗ? ನಾಳೆ ಬಾಗಿದ್ರ ನನ್ನ ಕುತ್ತಿಗಿಗೆ ಬರ್ತೈತ್ರಿ" ಅಂದರು. ಮಾಲೀಕರೂ ಅವರ ಕಡೆಗೇ.

ಸರಿ, ತೋರಿಸಿಯೇ ಬಿಡೋಣ ಅಂತ ಎರಡೂ ಜಾತಿಯ ಇ350 ಬೀಮು 3 ಮೀಟರಿನ ಜೋಡಿ ಜೋಡಿ ತರಿಸಿದೆ. ಒಂದು ಜೋಡಿಯನ್ನು ಎದುರುಬದುರು ಮಲಗಿಸಿ, ತುದಿಗಳನ್ನು ದಪ್ಪ ರಾಡಿನಿಂದ ಬಿಗಿದೆ. ನಡುವಿನ ಮೂರನೇ ಒಂದು ಭಾಗದಲ್ಲಿ ಎರಡು 50 ಟನ್ ಜಾಕ್ ಇಟ್ಟು ಒಳಗಿನಿಂದ ದೂಡಿದೆ. ಬೇರೆ ಫ್ರೇಮೇ ಬೇಡ, ಒಂದಕ್ಕೊಂದು ಆಧಾರ. ಜಾಕಿನ ಜಾಗದಲ್ಲಿ ವೆಬ್, ಅಂದ್ರೆ ಎರಡು ಫ್ಲಾಂಜಿನ ನಡುವಿನ ತಗಡಿಗೆ ಸ್ಟಿಫ್ನರ್ ಇರಲೇಬೇಕು, ಇಲ್ಲದಿದ್ದರೆ ವೆಬ್ ಜಜ್ಜಿ ಹೋಗಿ ಪರೀಕ್ಷೆಯೇ ಹಾಳು.

ಫ್ಲಾಂಜಿಗೆ ಸುಣ್ಣ ಬಳಿದಿದ್ದೆ, ಉಕ್ಕು ಯೀಲ್ಡ್ ಆದ ಕಡೆ ಅದು ಉದುರುತ್ತದೆ. ಅಗಲದ್ದು 25 ಟನ್ ಹತ್ತಿರ ಬಂದಾಗ ಒಳ ಫ್ಲಾಂಜಿನ ಸುಣ್ಣ ಎಳೆ ಎಳೆಯಾಗಿ ಉದುರಿತು. ಇನ್ನೊಂದು ನಾಲ್ಕು ಪಂಪ್ ಹೊಡೆದಾಗ ಅಂಚು ಅಲೆಯಂತೆ ಎದ್ದಿತು. ಸ್ಕೇಲ್ ಇಟ್ಟರೆ ಕೆಳಗೆ ಬೆಳಕು ಕಾಣುತ್ತಿತ್ತು. ಪಂಪ್ ಮಾಡುತ್ತಲೇ ಇದ್ದರೂ ಗೇಜಿನ ಮುಳ್ಳು ಕೆಳಗಿಳಿಯಿತು. ಎಂಬಿಯದೂ ಹೆಚ್ಚು ಕಡಿಮೆ 25 ಟನ್ನಿಗೇ ಸುಣ್ಣ ಉದುರಿಸಿತು. ಆದರೆ ಬಾಗುತ್ತಾ ಹೋದರೂ ಮುಳ್ಳು ಅಲ್ಲೇ ನಿಂತಿತು, ಅಂಚು ನೆಟ್ಟಗೇ ಇತ್ತು. ಕಂಟ್ರಾಕ್ಟರ್ ತಾವೇ ಬಗ್ಗಿ ಅಂಚಿನ ಮೇಲೆ ಬೆರಳಾಡಿಸಿ ನೋಡಿದರು, ಮತ್ತೆ ಮಾತಾಡಲಿಲ್ಲ. ಪರೀಕ್ಷೆಗೆ 35 ಸಾವಿರ ಖರ್ಚಾಗಿರಬೇಕು. 38 ಬೀಮಿನಲ್ಲಿ 600 ಕಿಲೋ ಉಳಿಯಿತು, ಅಂದ್ರೆ 40 ಸಾವಿರದ ಮೇಲೆ. ಡಬ್ಲ್ಯೂಬಿ ಸ್ಟಾಕಿನಲ್ಲಿ ಸಿಗೋದೂ ಕಷ್ಟ, ಅದೂ ತಪ್ಪಿತು.

ಆದರೆ ಇದನ್ನು ಎಲ್ಲ ಕಡೆ ಮಾಡಬೇಡಿ. ನನ್ನಲ್ಲಿ ಮೇಲಿನ ಫ್ಲಾಂಜಿಗೆ ಮೀಟರಿಗೊಂದು ಜಾಯ್ಸ್ಟ್ ಬೆಸೆದಿತ್ತು. ಅಡ್ಡ ಹಿಡಿತ ಇಲ್ಲದ ಬೀಮಿನಲ್ಲಿ ಅಗಲದ್ದೇ ಗೆಲ್ಲುತ್ತದೆ. ಡಿಫ್ಲೆಕ್ಷನ್ನೂ ನೋಡಬೇಕು, ಗ್ರೇಡ್ ಏರಿಸಿದರೆ ಅದು ಕಡಿಮೆಯಾಗಲ್ಲ. ನನಗೆ 12 ಮಿ.ಮೀ. ಬಂತು, ಸ್ಪ್ಯಾನ್/300 ಅಂದ್ರೆ 13. ಅಂಚಿನಲ್ಲೇ ಪಾಸ್.

ಅದೇ ಹುರುಪಿನಲ್ಲಿ ಕಂಬಕ್ಕೂ ಇ350 ಐಎಸ್‌ಎಂಬಿ 400 ಹಾಕಲು ಹೊರಟಿದ್ದೆ. ಅಲ್ಲಿ ಫ್ಲಾಂಜ್ ಸರಿ, ವೆಬ್ ಕೈಕೊಟ್ಟಿತು. ವೆಬ್ಬಿನ ಎತ್ತರಕ್ಕೂ ದಪ್ಪಕ್ಕೂ ಇರುವ ಅನುಪಾತ d/tw 38 ಇದೆ. ಬರೀ ಒತ್ತಡಕ್ಕೆ ಮಿತಿ 42ε, ಇ350ಗೆ 35.5. ಸ್ಲೆಂಡರ್ ಆಗಿಬಿಡುತ್ತದೆ, ಅಂದ್ರೆ ಯೀಲ್ಡ್ ಮುಟ್ಟುವ ಮೊದಲೇ ಸೊಟ್ಟಗಾಗಬಹುದು. ಇ250ಯಲ್ಲಾದರೆ 42, ಪಾಸ್. ಕಂಬಗಳನ್ನು ಇ250ಯಲ್ಲೇ ಬಿಟ್ಟೆ.